ಕಾರ್ಟಿನಿಂದ ಕತ್ತರಿ ಮೇಜಿನವರೆಗೆ: ವಾಟ್ಸಾಪ್ ಆರ್ಡರುಗಳಿಗೊಂದು ಪಟ್ಟಿ ಕಟ್ಟಿದ್ದು

ವಾಟ್ಸಾಪ್ ಬಿಸಿನೆಸ್ ಆ್ಯಪಿನ ಕ್ಯಾಟಲಾಗು ಅಂಗಡಿಯ ಶೋಕೇಸಿದ್ದ ಹಾಗೆ. ಮಾಲು ತೋರಿಸುತ್ತದೆ, ಗಿರಾಕಿ ಕೈ ತೋರಿಸಿ ಆರಿಸಿಕೊಳ್ಳಬಹುದು, ಅಷ್ಟಕ್ಕೆ ಅದರ ಕೆಲಸ ಮುಗಿಯಿತು. ಯಾರಿಗೆ, ಯಾವ ಬಣ್ಣದ್ದು, ಯಾವತ್ತಿಗೆ, ಹಣ ಬಂತೋ ಇಲ್ಲವೋ ಎನ್ನುವುದನ್ನು ಅದು ನೆನಪಿಟ್ಟುಕೊಳ್ಳುವುದಿಲ್ಲ. ಗಿರಾಕಿ ಆರಿಸಿದ್ದನ್ನೆಲ್ಲ ಒಟ್ಟು ಮಾಡಿ ಕಳಿಸುವ ಕಾರ್ಟ್ ಬಂದಾಗ ಅದೂ ಚಾಟಿನಲ್ಲಿ ಒಂದು ಮೆಸೇಜು ಮಾತ್ರ. ಆಮೇಲೆ ನಾಲ್ಕು ಫಾರ್ವರ್ಡು ಬಿದ್ದರೆ ಮೇಲಕ್ಕೆ ಸರಿದು ಮರೆಯಾಗುತ್ತದೆ. ಹಾಗಾಗಿ ಈ ಕಟ್ಟೋಣದಲ್ಲಿ ಕ್ಯಾಟಲಾಗು ಸುಲಭದ ಭಾಗ. ಕಾರ್ಟ್ ಬಂದ ಮೇಲೆ ಅದನ್ನು ಆರ್ಡರು ಮಾಡುವುದೇ ನಿಜವಾದ ಕೆಲಸ, ಈ ಬರಹದ ಬಹುಪಾಲು ಅದರ ಬಗ್ಗೆಯೇ.

ನಮ್ಮಲ್ಲಿ ಹೊಲಿಗೆ ಅಕ್ಕನದು, ಫೋನು ಮತ್ತು ಪಟ್ಟಿ ನನ್ನದು. ಬಟ್ಟೆಯ ಕೈಚೀಲ, ಪೌಚು, ದಿಂಬಿನ ಕವರು ಹೀಗೆ ಐದು ಬಗೆಯ ಸಾಮಾನು. ಪ್ರತಿಯೊಂದಕ್ಕೂ ಮೂರು ಅಳತೆ, ಎಂಟು ಬಣ್ಣ. ಯಾವುದನ್ನೂ ಮೊದಲೇ ಹೊಲಿದು ಇಟ್ಟಿರುವುದಿಲ್ಲ, ಆರ್ಡರು ಬಂದ ಮೇಲೆ ಕತ್ತರಿಸುವುದು. ಗಿರಾಕಿಗಳೆಲ್ಲ ಸುತ್ತಮುತ್ತಲ ಮನೆಯವರೇ.

ಕ್ಯಾಟಲಾಗು

ಮೊದಲ ತೀರ್ಮಾನ, ಏನನ್ನು ಒಂದು ಐಟಂ ಎಂದು ಕರೆಯಬೇಕು ಎನ್ನುವುದು. ಈ ಆ್ಯಪಿನ ಕ್ಯಾಟಲಾಗಿನಲ್ಲಿ ಒಂದೇ ಐಟಮಿನೊಳಗೆ ಅಳತೆ, ಬಣ್ಣ ಆರಿಸುವ ವ್ಯವಸ್ಥೆಯನ್ನು ನಾವು ನೆಚ್ಚಿಕೊಳ್ಳಲಿಲ್ಲ. ಎಲ್ಲವನ್ನೂ ಬೇರೆ ಬೇರೆ ಐಟಂ ಮಾಡಿದರೆ ಐದು ಬಗೆ, ಮೂರು ಅಳತೆ, ಎಂಟು ಬಣ್ಣ ಸೇರಿ 120 ಆಗುತ್ತವೆ. ಕ್ಯಾಟಲಾಗಿನ ಮಿತಿ 500, ಆದ್ದರಿಂದ ಜಾಗದ ತೊಂದರೆ ಇಲ್ಲ. ತೊಂದರೆ ಇರುವುದು ನೋಡಿಕೊಳ್ಳುವುದರಲ್ಲಿ. ಒಂದು ಬಣ್ಣದ ಬಟ್ಟೆ ಮುಗಿದರೆ ಹದಿನೈದು ಐಟಂ ಹುಡುಕಿ ಹುಡುಕಿ ಅಡಗಿಸಬೇಕು, ಬಂದ ಮೇಲೆ ಮತ್ತೆ ಹದಿನೈದನ್ನು ತೆರೆಯಬೇಕು. ಗಿರಾಕಿಗೂ ಒಂದೇ ಚೀಲದ ಎಂಟು ಫೋಟೋ ದಾಟುವಷ್ಟರಲ್ಲಿ ಬೇಸರ ಬಂದಿರುತ್ತದೆ.

ಅದಕ್ಕೆ ಹೀಗೆ ಗೆರೆ ಎಳೆದೆವು: ಬೆಲೆಯನ್ನೂ ಕತ್ತರಿಸುವ ಅಳತೆಯನ್ನೂ ಬದಲಿಸುವಂಥದ್ದು ಕ್ಯಾಟಲಾಗಿನಲ್ಲಿ ಪ್ರತ್ಯೇಕ ಐಟಂ, ಉಳಿದದ್ದು ಚಾಟಿನಲ್ಲಿ. ಅಳತೆ ಐಟಮಾಯಿತು, ಬಣ್ಣ ಆಗಲಿಲ್ಲ. ಒಟ್ಟು ಹದಿನೈದು ಐಟಂ. ಅವನ್ನು ಬಗೆಗೊಂದರಂತೆ ಐದು ಕಲೆಕ್ಷನ್ನಿನಲ್ಲಿ ಹಾಕಿದೆವು.

ಹೆಸರಿನಲ್ಲಿ ಕೋಡು ಮೊದಲು ಬರಬೇಕು. `CH-M ಕೈಚೀಲ, ಮಧ್ಯಮ` ಎಂದರೆ ಸರಿ. `ಕೈಯಿಂದ ಹೊಲಿದ ಚೆಂದದ ಕೈಚೀಲ, ಮಧ್ಯಮ CH-M` ಎಂದರೆ ಕಿರಿದಾದ ಪರದೆಯಲ್ಲಿ ಹೆಸರಿನ ಬಾಲ ಕತ್ತರಿಸಿ ಹೋಗಿ, ಮೂರೂ ಅಳತೆಯ ಚೀಲಗಳು ಕಾರ್ಟಿನಲ್ಲಿ ಒಂದೇ ಥರ ಕಾಣುತ್ತವೆ. ಆ್ಯಪಿನಲ್ಲಿ ಐಟಂ ಕೋಡಿಗೆಂದೇ ಬೇರೆ ಖಾನೆಯೂ ಇದೆ, ಅದನ್ನೂ ತುಂಬಿದ್ದೇವೆ. ಆದರೆ ಅವಸರದಲ್ಲಿ ಕಾರ್ಟ್ ತೆರೆದವರ ಕಣ್ಣು ಹೋಗುವುದು ಹೆಸರಿನ ಮೇಲೆ.

ಫೋಟೋದ ವಿಷಯ ಬೇಗ ಮುಗಿಸುತ್ತೇನೆ. ಒಂದು ಐಟಮಿಗೆ ಹತ್ತು ಫೋಟೋವರೆಗೆ ಹಾಕಬಹುದು, ಮೂರು ಸಾಕು: ಮುಂಭಾಗ, ಒಳಗಿನ ಜೇಬು, ಅಳತೆ ತಿಳಿಯುವಂತೆ ಯಾರಾದರೂ ಹಿಡಿದಿರುವುದು. ಮೂರನೆಯದು ಬಹಳ ಮುಖ್ಯ. ಸೆಂಟಿಮೀಟರು ಬರೆದರೆ ಯಾರೂ ಓದುವುದಿಲ್ಲ.

ಹೊಸ ಐಟಂ ಹಾಕಿದ ಕೂಡಲೇ ಗಿರಾಕಿಗೆ ಕಾಣುವುದಿಲ್ಲ. ವಾಟ್ಸಾಪಿನವರ ಪರಿಶೀಲನೆ ಮುಗಿಯಬೇಕು. ತಿರಸ್ಕೃತವಾದರೆ ಐಟಮಿನ ಪಕ್ಕ ಕೆಂಪು ಆಶ್ಚರ್ಯಸೂಚಕ ಬರುತ್ತದೆ. ನಮ್ಮ ಫೋನಿನಲ್ಲಿ ಮಾತ್ರ ನೋಡಿದರೆ ಎಲ್ಲವೂ ಇದ್ದಂತೆಯೇ ಕಾಣುವುದರಿಂದ, ಲಿಂಕು ಹಂಚುವ ಮೊದಲು ಮನೆಯ ಇನ್ನೊಂದು ಫೋನಿನಿಂದ ತೆರೆದು ಎಣಿಸಬೇಕು. ಕ್ಯಾಟಲಾಗಿನ ಲಿಂಕು ಹೀಗಿರುತ್ತದೆ:

```
https://wa.me/c/<number>
```

ಇಲ್ಲಿ `<number>` ಇರುವ ಕಡೆ ದೇಶದ ಕೋಡು ಸೇರಿಸಿ ಪೂರ್ತಿ ನಂಬರು ಬರೆಯಬೇಕು. ಮುಂದೆ ಪ್ಲಸ್ ಬೇಡ, ಸೊನ್ನೆ ಬೇಡ, ನಡುವೆ ಗೆರೆಯೂ ಬೇಡ. ಇದೇ ಲಿಂಕನ್ನು ಗ್ರೀಟಿಂಗ್ ಮೆಸೇಜಿನಲ್ಲೂ ಹಾಕಿದ್ದೇವೆ. ಮೊದಲ ಸಲ ಬರೆದವರಿಗೆ, ಇಲ್ಲವೇ 14 ದಿನ ಮಾತಿಲ್ಲದೆ ಇದ್ದು ಮತ್ತೆ ಬರೆದವರಿಗೆ ಅದು ತಾನಾಗಿ ಹೋಗುತ್ತದೆ. ಬೀದಿಯ ಗ್ರೂಪಿನಲ್ಲಿ “ನನಗೂ ಎರಡು” ಎಂದು ಬರೆಯುವವರಿಗೆ ಕೊಡುವ ಉತ್ತರವೂ ಈ ಲಿಂಕೇ. ಗ್ರೂಪಿನಲ್ಲಿ ಆರ್ಡರು ತೆಗೆದುಕೊಳ್ಳುವುದಿಲ್ಲ ಎನ್ನುವುದನ್ನು ಸ್ವಲ್ಪ ಮುಖ ಗಟ್ಟಿ ಮಾಡಿಕೊಂಡೇ ಪಾಲಿಸಬೇಕಾಯಿತು.

ಕಾರ್ಟ್ ಹೇಳುವುದು, ಹೇಳದಿರುವುದು

ಗಿರಾಕಿ ಐಟಮುಗಳನ್ನು ಕಾರ್ಟಿಗೆ ಸೇರಿಸಿ ಕಳಿಸಿದರೆ ಅದು ಒಂದೇ ಮೆಸೇಜಾಗಿ ಬರುತ್ತದೆ. ತೆರೆದರೆ ಐಟಮು, ಎಷ್ಟೆಷ್ಟು, ಅಂದಾಜು ಮೊತ್ತ. ಇದರಿಂದಾದ ಲಾಭ ದೊಡ್ಡದು. “ಮೊನ್ನೆ ಅವರು ತಗೊಂಡರಲ್ಲ, ಅಂಥದ್ದೇ” ಎನ್ನುವ ಮೆಸೇಜುಗಳು ಕಡಿಮೆಯಾದವು. ಆದರೆ ಬಣ್ಣ ಅದರಲ್ಲಿಲ್ಲ, ಯಾವತ್ತು ಬೇಕು ಎನ್ನುವುದಿಲ್ಲ, ಯಾರು ಬಂದು ಒಯ್ಯುತ್ತಾರೆ ಎನ್ನುವುದೂ ಇಲ್ಲ. ಕಳಿಸಿದ ಮೇಲೆ ಗಿರಾಕಿ ಆ ಕಾರ್ಟನ್ನು ತಿದ್ದಲಾರರು. ಬದಲಾವಣೆ ಏನಿದ್ದರೂ ಕೆಳಗೆ ಬೇರೆ ಮೆಸೇಜಾಗಿಯೇ ಬರುತ್ತದೆ.

ಇಲ್ಲಿಗೆ ಒಂದು ಕ್ವಿಕ್ ರಿಪ್ಲೈ ಮಾಡಿಟ್ಟೆವು. ಕಾರ್ಟ್ ಬಂದ ಕೂಡಲೇ ಅದಕ್ಕೆ ರಿಪ್ಲೈ ಒತ್ತಿ `/banna` ಎಂದು ಟೈಪು ಮಾಡಿದರೆ ಬಣ್ಣದ ಕಾರ್ಡಿನ ಫೋಟೋ, ಅದರ ಜೊತೆ ಎರಡು ಪ್ರಶ್ನೆ ಹೋಗುತ್ತವೆ: ಯಾವ ಐಟಮಿಗೆ ಯಾವ ಬಣ್ಣ, ಯಾವತ್ತಿಗೆ ಬೇಕು. ಬಣ್ಣದ ಕಾರ್ಡು ಎಂದರೆ ಎಂಟು ಬಟ್ಟೆ ತುಂಡುಗಳನ್ನು ಬಿಳಿ ಹಾಳೆಯ ಮೇಲೆ ಅಂಟಿಸಿ `B1`ರಿಂದ `B8`ರವರೆಗೆ ಹೆಸರು ಬರೆದು ಹಗಲು ಬೆಳಕಿನಲ್ಲಿ ತೆಗೆದ ಫೋಟೋ. “ನೀಲಿ” ಎಂದರೆ ನಮ್ಮಲ್ಲಿ ಮೂರಿವೆ, “ತಿಳಿ ನೀಲಿ” ಎಂದರೂ ಎರಡು. `B2` ಎಂದರೆ ಒಂದೇ. ಬಟ್ಟೆ ಮುಗಿದಾಗ ಬದಲಿಸಬೇಕಾದದ್ದು ಈ ಒಂದು ಫೋಟೋ, ಹದಿನೈದು ಐಟಮಲ್ಲ.

ಪಟ್ಟಿ

ಗೂಗಲ್ ಶೀಟ್ಸಿನಲ್ಲಿ `Orders` ಎಂಬ ಹಾಳೆ. ಕಾಲಮ್ಮುಗಳು A ಯಿಂದ I ವರೆಗೆ ಕ್ರಮವಾಗಿ: ಆರ್ಡರ್ ನಂಬರು, ಬಂದ ದಿನ, ಹೆಸರು, ಫೋನು, ಕೋಡು, ಬಣ್ಣ, ಎಷ್ಟು, ಕೊಡುವ ದಿನ, ಹಂತ. ಹಣದ್ದು ಬೇರೆ ಹಾಳೆ, ಅದರಲ್ಲಿ ಆರ್ಡರ್ ನಂಬರು, ದಿನ, ಮೊತ್ತ ಮೂರೇ. ಮುಂಗಡ ಒಮ್ಮೆ, ಬಾಕಿ ಇನ್ನೊಮ್ಮೆ ಬರುವುದರಿಂದ ಅದನ್ನು ಐಟಮಿನ ಸಾಲಿಗೆ ತುರುಕಿದರೆ ಎರಡೂ ಕೆಡುತ್ತವೆ. ಇನ್ನೊಂದು ಮಾತು, ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನೋಡಿ ಈ ಹಾಳೆ ತುಂಬುವುದಿಲ್ಲ. ನಮ್ಮ ಖಾತೆಯಲ್ಲಿ ಕಂಡ ಮೇಲೆಯೇ ಬರೆಯುವುದು.

ಇಡೀ ಪಟ್ಟಿಯ ಬೆನ್ನೆಲುಬು ಒಂದು ನಿರ್ಧಾರದಲ್ಲಿದೆ: ಒಂದು ಆರ್ಡರಿಗೆ ಒಂದು ಸಾಲಲ್ಲ, ಒಂದು ಕೋಡು ಮತ್ತು ಒಂದು ಬಣ್ಣದ ಜೋಡಿಗೆ ಒಂದು ಸಾಲು. ಬರೆಯುವಾಗ ಇದು ಉದ್ದ ಅನಿಸುತ್ತದೆ. ಹೆಸರು, ಫೋನು ಮತ್ತೆ ಮತ್ತೆ ಬರುತ್ತವೆ. ಆದರೆ “ಮೂರು ಚೀಲ, ಎರಡು ಪೌಚು, ಬಣ್ಣ ನೋಡಿ” ಎಂದು ಒಂದೇ ಖಾನೆಯಲ್ಲಿ ಬರೆದಿದ್ದನ್ನು ಯಾವ ಸೂತ್ರವೂ ಕೂಡಿಸಲಾರದು. ಅಕ್ಕನಿಗೆ ಬೇಕಿರುವುದು ಯಾರು ಕೇಳಿದರು ಎಂಬ ಸುದ್ದಿಯಲ್ಲ, ಈ ಬಣ್ಣದ ಬಟ್ಟೆಯಲ್ಲಿ ಇವತ್ತು ಎಷ್ಟು ತುಂಡು ಕತ್ತರಿಸಬೇಕು ಎನ್ನುವ ಲೆಕ್ಕ.

ಹಂತದ ಕಾಲಮ್ಮಿನಲ್ಲಿ ಐದೇ ಮಾತು: ಕೇಳಿದೆ, ಹೊಲಿಗೆ, ಸಿದ್ಧ, ಕೊಟ್ಟಿದೆ, ರದ್ದು. ಡೇಟಾ ವ್ಯಾಲಿಡೇಷನ್ ಹಾಕಿ ಇಳಿಪಟ್ಟಿಯಿಂದಲೇ ಆರಿಸುವಂತೆ ಮಾಡಿದ್ದೇವೆ. “ಸಿದ್ಧ” ಎನ್ನುವುದನ್ನು ಒಬ್ಬರು “ಸಿದ್ದ” ಎಂದು ಬರೆದರೆ ಸೂತ್ರಕ್ಕೆ ಅವೆರಡೂ ಬೇರೆ. ಕನ್ನಡದಲ್ಲಿ ಒತ್ತಕ್ಷರ ತಪ್ಪುವುದು ಎಷ್ಟು ಸುಲಭ ಎಂದು ಈ ಕಾಲಮ್ಮು ಕಲಿಸಿಕೊಡುತ್ತದೆ.

ಕತ್ತರಿಸುವ ಪಟ್ಟಿ ಬೇರೆ ಹಾಳೆಯಲ್ಲಿ ತಾನಾಗಿ ಬರುತ್ತದೆ. ಆ ಹಾಳೆಯ `B1` ಖಾನೆಯಲ್ಲಿ ಒಂದು ದಿನಾಂಕ ಹಾಕಿದರೆ, ಅಲ್ಲಿಯವರೆಗೆ ಕೊಡಬೇಕಾದ ಎಲ್ಲದರ ಮೊತ್ತ ಕೋಡು ಮತ್ತು ಬಣ್ಣದ ಪ್ರಕಾರ ಬರುತ್ತದೆ:

```
=QUERY(Orders!A2:I, "select E, F, sum(G) where I = 'ಹೊಲಿಗೆ' and H <= date '" & TEXT(B1, "yyyy-mm-dd") & "' group by E, F order by E label sum(G) 'ಒಟ್ಟು'", 0)
```

ಈ `QUERY`ಗೆ ಒಂದು ಕೆಟ್ಟ ಗುಣವಿದೆ. ಒಂದು ಕಾಲಮ್ಮಿನಲ್ಲಿ ಹೆಚ್ಚಿನವು ಸಂಖ್ಯೆಗಳಾಗಿದ್ದು ಒಂದೆರಡು ಕಡೆ ಅಕ್ಷರ ಇದ್ದರೆ, ಆ ಅಕ್ಷರದ ಖಾನೆಗಳನ್ನು ಅದು ಖಾಲಿ ಎಂದೇ ಎಣಿಸುತ್ತದೆ. ದೋಷದ ಸೂಚನೆ ಏನೂ ಇಲ್ಲ. “ಎಷ್ಟು” ಖಾನೆಯಲ್ಲಿ `2` ಬದಲು `2 ಜೊತೆ` ಎಂದು ಬರೆದರೆ ಆ ಎರಡು ಜೊತೆ ಮೊತ್ತದಿಂದ ಸುಮ್ಮನೆ ಮಾಯ. ದಿನಾಂಕವೂ ಹಾಗೆಯೇ. ಶೀಟಿಗೆ ದಿನಾಂಕವೆಂದು ಅರ್ಥವಾಗದ ರೀತಿಯಲ್ಲಿ ಬರೆದರೆ ಅದು ಬರೀ ಅಕ್ಷರವಾಗಿ ಕುಳಿತು, ಆ ಸಾಲು ಕತ್ತರಿಸುವ ಪಟ್ಟಿಗೆ ಬರುವುದೇ ಇಲ್ಲ. ಬಣ್ಣಕ್ಕೆ ಬರೀ `2` ಎನ್ನದೆ `B2` ಎಂದು ಹೆಸರಿಟ್ಟದ್ದಕ್ಕೆ ಅರ್ಧ ಕಾರಣ ಇದೇ, ಆ ಕಾಲಮ್ಮು ಪೂರ್ತಿ ಅಕ್ಷರವಾಗಿಯೇ ಇರಲಿ ಎಂದು.

ಇದನ್ನು ಹಿಡಿಯಲು ಪಟ್ಟಿಯ ಮೇಲ್ಗಡೆ ಒಂದು ಕಾವಲು ಖಾನೆ ಇದೆ:

```
=COUNTA(Orders!G2:H) - COUNT(Orders!G2:H)
```

`COUNTA` ತುಂಬಿರುವ ಖಾನೆಗಳನ್ನೆಲ್ಲ ಎಣಿಸುತ್ತದೆ, `COUNT` ಸಂಖ್ಯೆ ಮತ್ತು ನಿಜವಾದ ದಿನಾಂಕಗಳನ್ನಷ್ಟೇ ಎಣಿಸುತ್ತದೆ. ಸೊನ್ನೆ ಬರಬೇಕು. ಒಂದು ಬಂದರೆ ಎಲ್ಲೋ ಒಂದು ಕಡೆ ಅಕ್ಷರ ನುಸುಳಿದೆ. ಖಾನೆಯೊಳಗೆ ಸಂಖ್ಯೆ, ದಿನಾಂಕ ಸಾಮಾನ್ಯವಾಗಿ ಬಲಕ್ಕೆ, ಅಕ್ಷರ ಎಡಕ್ಕೆ ಅಂಟಿಕೊಳ್ಳುವುದರಿಂದ ಕಣ್ಣಾಡಿಸಿದರೆ ಸಿಗುತ್ತದೆ. ಸೊನ್ನೆ ಅಲ್ಲದ ದಿನ ಅಕ್ಕ ಕತ್ತರಿ ಎತ್ತುವುದಿಲ್ಲ. “ಮೊದಲು ಆ ಒಂದನ್ನ ಹುಡುಕು, ಆಮೇಲೆ ಬಟ್ಟೆ ಹಾಸ್ತೀನಿ” ಅಂತಾಳೆ.

ಒಂದು ಆರ್ಡರಿನ ಪೂರ್ತಿ ದಾರಿ

ಒಂದು ಕಾರ್ಟ್ ಬಂತು ಎಂದುಕೊಳ್ಳಿ: `CH-M` ಮೂರು, `PU-S` ಎರಡು. ಮೊದಲ ಕೆಲಸ ಲೇಬಲ್. ವಾಟ್ಸಾಪ್ ಬಿಸಿನೆಸ್ಸಿನಲ್ಲಿ 20 ಲೇಬಲ್ಲುಗಳವರೆಗೆ ಮಾಡಿಕೊಳ್ಳಬಹುದು, ಹೊಸ ಆರ್ಡರು, ಹಣ ಬಾಕಿ ಇತ್ಯಾದಿ ಕೆಲವು ಮೊದಲೇ ಬಂದಿರುತ್ತವೆ. ಲೇಬಲ್ಲನ್ನು ಇಡೀ ಚಾಟಿಗೂ ಹಚ್ಚಬಹುದು, ಒಂದೇ ಮೆಸೇಜಿಗೂ ಹಚ್ಚಬಹುದು. ಎಲ್ಲರೂ ಚಾಟಿಗೆ ಹಚ್ಚುತ್ತಾರೆ, ಅದೇ ಗೋಜಲಿಗೆ ಮೂಲ. ಒಬ್ಬರೇ ಗಿರಾಕಿಯ ಎರಡು ಆರ್ಡರು ಒಟ್ಟಿಗೆ ಚಾಲ್ತಿಯಲ್ಲಿದ್ದರೆ, ಒಂದಕ್ಕೆ ಹಣ ಬಂದು ಇನ್ನೊಂದಕ್ಕೆ ಬಾಕಿ ಇದ್ದರೆ, ಚಾಟಿನ ಮೇಲಿನ ಲೇಬಲ್ ಯಾವುದರ ಮಾತು ಹೇಳುತ್ತಿದೆ? ಅದಕ್ಕೆ ಕಾರ್ಟಿನ ಮೆಸೇಜನ್ನು ಒತ್ತಿ ಹಿಡಿದು ಅದಕ್ಕೇ “ಹೊಸದು” ಎಂದು ಹಚ್ಚುತ್ತೇವೆ.

ಓದದ ಮೆಸೇಜಿನ ಹಸಿರು ಚುಕ್ಕೆಯನ್ನು ನೆಚ್ಚಿ ಕೂರುವಂತಿಲ್ಲ. ಒಂದು ವಾಟ್ಸಾಪಿಗೆ ನಾಲ್ಕು ಬೇರೆ ಸಾಧನಗಳನ್ನು ಜೋಡಿಸಬಹುದು. ನಮ್ಮಲ್ಲಿ ಲ್ಯಾಪ್‌ಟಾಪು ಜೋಡಿಸಿದೆ. ಅಲ್ಲಿ ಯಾರಾದರೂ ಚಾಟ್ ತೆರೆದರೆ ಫೋನಿನಲ್ಲೂ ಚುಕ್ಕೆ ಅಳಿಯುತ್ತದೆ. ಓದಿದ್ದಾರೆ ಎಂದರೆ ಬರೆದಿಟ್ಟುಕೊಂಡಿದ್ದಾರೆ ಎಂದಲ್ಲವಲ್ಲ. ಲೇಬಲ್ಲಾದರೆ ಕೈಯಿಂದ ತೆಗೆಯುವವರೆಗೂ ಇರುತ್ತದೆ.

`/banna` ಹೋಯಿತು. ಉತ್ತರ ಬಂತು: “ಚೀಲ ಎರಡು B2, ಒಂದು B5. ಪೌಚ್ ಎರಡೂ B2. ಶುಕ್ರವಾರಕ್ಕೆ ಬೇಕು ಅಕ್ಕಾ.” ಈಗ ಪಟ್ಟಿಯಲ್ಲಿ ಮುಂದಿನ ನಂಬರು, 214 ಎನ್ನೋಣ. ಅದರಡಿ ಮೂರು ಸಾಲು: `CH-M` `B2` 2, `CH-M` `B5` 1, `PU-S` `B2` 2. ಕೂಡಿದರೆ ಐದು, ಕಾರ್ಟಿನಲ್ಲೂ ಐದು. ಇವೆರಡು ತಾಳೆಯಾಗದಿದ್ದರೆ ಮುಂದೆ ಹೋಗುವಂತಿಲ್ಲ. ಸಾಮಾನ್ಯವಾಗಿ ಗಿರಾಕಿ ಒಂದರ ಬಣ್ಣ ಹೇಳಲು ಮರೆತಿರುತ್ತಾರೆ. ಮೂರೂ ಸಾಲಿನ ಹಂತ “ಕೇಳಿದೆ”.

ಆಮೇಲೆ ದೃಢೀಕರಣದ ಮೆಸೇಜು. ಇದನ್ನು ಕೈಯಿಂದ ಬರೆಯುವುದಿಲ್ಲ, ಪಟ್ಟಿಯೇ ಬರೆಯುತ್ತದೆ. `Msg` ಎಂಬ ಹಾಳೆಯ `B1` ಖಾನೆಯಲ್ಲಿ 214 ಹಾಕಿದರೆ `B2` ಖಾನೆಯಲ್ಲಿ ಫೋನು, `B3`ರಲ್ಲಿ ಕೊಡುವ ದಿನ ಬರುವಂತೆ ಮಾಡಿದ್ದೇವೆ. `B4`ರಲ್ಲಿ ಇದು:

```
="ಆರ್ಡರ್ " & B1 & ": " & TEXTJOIN(" | ", TRUE, FILTER(Orders!E2:E & " " & Orders!F2:F & " × " & Orders!G2:G, Orders!A2:A = B1)) & " | ಕೊಡುವ ದಿನ " & TEXT(B3, "dd-mm-yyyy")
```

ಬರುವ ವಾಕ್ಯ: `ಆರ್ಡರ್ 214: CH-M B2 × 2 | CH-M B5 × 1 | PU-S B2 × 2 |` ಮತ್ತು ಕೊನೆಗೆ ಕೊಡುವ ದಿನ. ಐಟಮುಗಳ ನಡುವೆ ಹೊಸ ಸಾಲು ಹಾಕಿದ್ದರೆ ಇನ್ನೂ ಚೆಂದ ಕಾಣುತ್ತಿತ್ತು. ಆದರೆ ಒಳಗೆ ಹೊಸ ಸಾಲಿರುವ ಖಾನೆಯನ್ನು ಲ್ಯಾಪ್‌ಟಾಪಿನಲ್ಲಿ ನಕಲು ಮಾಡಿ ಅಂಟಿಸಿದರೆ ಎರಡೂ ತುದಿಗೆ ಉದ್ಧರಣ ಚಿಹ್ನೆ ಅಂಟಿಕೊಂಡು ಬರುತ್ತದೆ, ಪ್ರತಿ ಸಲ ಅಳಿಸಬೇಕು. ಅದಕ್ಕೇ ನೆಟ್ಟ ಗೆರೆ.

ಸಾಲು ಮೊದಲು, ಮೆಸೇಜು ಆಮೇಲೆ ಎನ್ನುವ ಕ್ರಮದಲ್ಲೇ ಇದರ ಗಟ್ಟಿತನ ಇರುವುದು. ಗಿರಾಕಿಯ ಕಣ್ಣಿಗೆ ಬೀಳುವುದು ಪಟ್ಟಿಯಲ್ಲಿ ನಿಜವಾಗಿ ಏನಿದೆಯೋ ಅದೇ. ಪಟ್ಟಿಯಲ್ಲಿ ಕೈತಪ್ಪಿ `B6` ಬಿದ್ದಿದ್ದರೆ ಅದನ್ನು ಹೊಲಿಯುವ ಮೊದಲೇ ಗಿರಾಕಿ ಹಿಡಿಯುತ್ತಾರೆ. ಚಾಟಿನಲ್ಲಿ ಒಂದು, ಪಟ್ಟಿಯಲ್ಲಿ ಇನ್ನೊಂದು ಬರೆದರೆ ಹಿಡಿಯುವವರು ಯಾರೂ ಇಲ್ಲ.

ಈ ಮೆಸೇಜನ್ನು ಕಾರ್ಟಿಗೇ ರಿಪ್ಲೈಯಾಗಿ ಕಳಿಸುತ್ತೇವೆ. ಆಗ ವಾಟ್ಸಾಪಿನ ಹುಡುಕಾಟದಲ್ಲಿ “ಆರ್ಡರ್ 214” ಎಂದರೆ ಈ ಮೆಸೇಜು ಸಿಗುತ್ತದೆ, ಅದರ ಮೇಲ್ಭಾಗದ ಉಲ್ಲೇಖ ಒತ್ತಿದರೆ ಮೂಲ ಕಾರ್ಟಿಗೆ ಹೋಗುತ್ತದೆ. “ಹೌದು” ಬಂದ ಮೇಲೆ ಮೂರೂ ಸಾಲು “ಹೊಲಿಗೆ”, ಕಾರ್ಟಿನ ಲೇಬಲ್ “ಹೊಸದು”ವಿನಿಂದ “ಬರೆದಿದೆ”ಗೆ. ಕತ್ತರಿಸುವ ಪಟ್ಟಿಗೆ ಇವು ಬರುವುದು ಆಗಲೇ. “ಹೌದು” ಬರದ ಆರ್ಡರು ಅಲ್ಲಿಗೆ ಬರುವುದೇ ಇಲ್ಲ.

ಈಗ ಸ್ವಲ್ಪ ತಂಟೆ. ವಾಟ್ಸಾಪಿನಲ್ಲಿ ಕಳಿಸಿದ ಮೆಸೇಜನ್ನು 15 ನಿಮಿಷದೊಳಗೆ ತಿದ್ದಬಹುದು. ಗಿರಾಕಿ ತಮ್ಮ “ಒಂದು B5” ಎನ್ನುವುದನ್ನು “ಒಂದು B6” ಎಂದು ತಿದ್ದಿದರೆ, ನಾವು ಅಷ್ಟರಲ್ಲಿ ಬರೆದುಕೊಂಡಾಗಿರುತ್ತದೆ. ಮೆಸೇಜಿನ ಮೂಲೆಯಲ್ಲಿ ತಿದ್ದಿದ್ದಾರೆ ಎಂಬ ಗುರುತು ಮಾತ್ರ ಸಣ್ಣದಾಗಿ ಕಾಣುತ್ತದೆ. ದೃಢೀಕರಣದ ಮೆಸೇಜು ಇರುವುದರಿಂದ ಇಲ್ಲಿ ಜಗಳವಿಲ್ಲ. ಅದರಲ್ಲಿ `B5` ಎಂದಿದೆ, ಅವರು ಓದಿದಾಗ “ಇಲ್ಲ ಅಕ್ಕಾ, B6” ಎನ್ನುತ್ತಾರೆ, ಸಾಲು ತಿದ್ದಿ ಮೆಸೇಜನ್ನು ಹೊಸದಾಗಿ ಕಳಿಸುತ್ತೇವೆ. ಆರ್ಡರೆಂದರೆ ಅವರು ಬರೆದದ್ದಲ್ಲ, ನಾವು ಬರೆದು ಅವರು ಹೌದೆಂದದ್ದು.

ಇದಕ್ಕಿಂತ ಗಂಭೀರವಾದದ್ದು ಅಳಿದುಹೋಗುವ ಮೆಸೇಜುಗಳು. ಕೆಲವರು ತಮ್ಮ ಚಾಟುಗಳಿಗೆ 24 ಗಂಟೆ, 7 ದಿನ ಅಥವಾ 90 ದಿನದಲ್ಲಿ ತಾನಾಗಿ ಅಳಿಯುವ ಸೌಲಭ್ಯ ಹಾಕಿಕೊಂಡಿರುತ್ತಾರೆ. ಅಂಥ ಚಾಟಿನಲ್ಲಿ ಬಂದ ಆರ್ಡರು ಕೊಡುವ ದಿನಕ್ಕೆ ಮುಂಚೆಯೇ ನಮ್ಮ ಫೋನಿನಿಂದಲೂ ಹೋಗಿರಬಹುದು. ಲೇಬಲ್ ಹಚ್ಚಿಟ್ಟರೆ ಉಳಿಯುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಗುರುತು ಹಿಡಿಯುವುದು ಸುಲಭ: ಪ್ರೊಫೈಲ್ ಚಿತ್ರದ ಮೇಲೆ ಪುಟ್ಟ ಗಡಿಯಾರದ ಚಿಹ್ನೆ, ಚಾಟಿನೊಳಗೆ ಅದರ ಬಗ್ಗೆ ಒಂದು ಸೂಚನೆಯ ಸಾಲು. ಲ್ಯಾಪ್‌ಟಾಪು ತೆರೆಯುವಾಗ ಇಂಥ ಚಾಟುಗಳ ಕಾರ್ಟನ್ನು ಮೊದಲು ಬರೆದುಕೊಳ್ಳುತ್ತೇನೆ.

ಅದೇ ಗಿರಾಕಿ ಮರುದಿನ ಇನ್ನೊಂದು `CH-L` ಬೇಕೆಂದು ಕಾರ್ಟ್ ಕಳಿಸಿದರು, ಅದು ಮುಂದಿನ ವಾರಕ್ಕೆ ಸಾಕು. ಇದನ್ನು 214ಕ್ಕೆ ಸೇರಿಸುವ ಆಸೆ ಆಗುತ್ತದೆ, ಒಂದೇ ಮನೆಯಲ್ಲವೇ. ಸೇರಿಸಬಾರದು. ಕೊಡುವ ದಿನ ಬೇರೆ, ಹಣ ಬೇರೆ, 214ರ ದೃಢೀಕರಣಕ್ಕೆ ಅವರು ಈಗಾಗಲೇ ಹೌದೆಂದಿದ್ದಾರೆ. ಇದು 215, ತನ್ನದೇ ಕಾರ್ಟು, ತನ್ನದೇ ಲೇಬಲ್. ಎರಡಕ್ಕೂ ಒಂದೇ ಹೊತ್ತಿಗೆ ಬಾಗಿಲಿಗೆ ಬಂದರೆ ಎರಡು ಕಟ್ಟನ್ನೂ ಕೊಟ್ಟು ಕಳಿಸಿದರಾಯಿತು.

ಗುರುವಾರ `B5` ಬಟ್ಟೆ ಸಾಲದೆ ಬಂತು. ಸಾಲು ಬೇರೆ ಬೇರೆ ಇದ್ದದ್ದು ಆಗ ಉಪಯೋಗಕ್ಕೆ ಬರುತ್ತದೆ. `B2`ರ ಎರಡು ಸಾಲೂ “ಸಿದ್ಧ”, `B5`ರದು “ಹೊಲಿಗೆ”ಯಲ್ಲೇ, ಅದರ ಕೊಡುವ ದಿನ ಮಾತ್ರ ಮುಂದಕ್ಕೆ. “ಐದರಲ್ಲಿ ನಾಲ್ಕು ಆಗಿದೆ” ಎಂದು ಗಿರಾಕಿಗೆ ಹೇಳಲು ಯಾರ ನೆನಪನ್ನೂ ಕೆದಕಬೇಕಿಲ್ಲ.

ಸಿದ್ಧವಾದ ಸುದ್ದಿ, ಸಂಜೆಯ ತಾಳೆ

“ಸಿದ್ಧವಾಗಿದೆ” ಎನ್ನುವ ಮೆಸೇಜಿಗೆ ಚಾಟ್ ಹುಡುಕುವ ಕೆಲಸ ಬೇಡವೆಂದು `Msg` ಹಾಳೆಯಲ್ಲಿ ಒಂದು ಲಿಂಕು ಮಾಡಿದ್ದೇವೆ:

```
=HYPERLINK("https://wa.me/" & B2 & "?text=" & ENCODEURL("ಆರ್ಡರ್ " & B1 & " ಸಿದ್ಧ"), "ಕಳಿಸು")
```

ಒತ್ತಿದರೆ ಆ ಗಿರಾಕಿಯ ಚಾಟು ತೆರೆದು ಮೆಸೇಜು ಟೈಪಾಗಿ ಕೂತಿರುತ್ತದೆ. ಕಳಿಸುವ ಗುಂಡಿ ನಾವೇ ಒತ್ತಬೇಕು, ತಾನಾಗಿ ಹೋಗುವುದಿಲ್ಲ. ಮೆಸೇಜು ಇಷ್ಟು ಚಿಕ್ಕದಿರಲು ಕಾರಣವಿದೆ. ಲಿಂಕಿನೊಳಗೆ ಕನ್ನಡದ ಒಂದೊಂದು ಸಂಕೇತವೂ ಒಂಬತ್ತು ಅಕ್ಷರವಾಗಿ ಹಿಗ್ಗುತ್ತದೆ, ಒತ್ತು, ಕೊಂಬು, ಇಳಿಗಳನ್ನೂ ಬೇರೆಬೇರೆಯಾಗಿ ಲೆಕ್ಕ ಹಿಡಿದು. ನಾಲ್ಕು ಸಾಲಿನ ಕನ್ನಡ ಬರೆದರೆ ಲಿಂಕು ವಿಪರೀತ ಉದ್ದವಾಗುತ್ತದೆ. ಫೋನು ಕಾಲಮ್ಮಿಗೆ ಪ್ಲೇನ್ ಟೆಕ್ಸ್ಟ್ ಫಾರ್ಮ್ಯಾಟ್ ಹಾಕಿರಬೇಕು. ಪ್ಲಸ್ ಅಥವಾ ಮುಂದಿನ ಸೊನ್ನೆ ಉಳಿದಿದ್ದರೆ ಲಿಂಕು ಸರಿಯಾಗಿ ತೆರೆಯದೆ ಹೋಗಬಹುದು.

ಸಂಜೆ ಎರಡು ತಾಳೆ ನೋಡುತ್ತೇವೆ. “ಹೊಸದು” ಲೇಬಲ್ಲಿನಡಿ ಏನಾದರೂ ಉಳಿದಿದ್ದರೆ ಅದಕ್ಕೆ ಪಟ್ಟಿಯಲ್ಲಿ “ಕೇಳಿದೆ” ಎಂಬ ಸಾಲಿರಬೇಕು. ಸಾಲಿಲ್ಲದ ಲೇಬಲ್ ಎಂದರೆ ಬರೆಯದೆ ಬಿಟ್ಟ ಕಾರ್ಟು. ಇನ್ನು “ಕೇಳಿದೆ” ಎಂಬ ಸಾಲು ಹಳೆಯದಾಗಿದ್ದರೆ ಗಿರಾಕಿಯ “ಹೌದು” ಬಂದಿಲ್ಲವೆಂದು ಅರ್ಥ, ಒಮ್ಮೆ ನೆನಪಿಸಿ, ಆಗಲೂ ಉತ್ತರವಿಲ್ಲದಿದ್ದರೆ “ರದ್ದು”. ಸಾಲನ್ನು ಅಳಿಸುವುದಿಲ್ಲ. ಅಳಿಸಿದ ನಂಬರನ್ನು ಯಾರೋ ಮತ್ತೆ ಬಳಸಿಬಿಟ್ಟರೆ ಒಂದೇ ನಂಬರಿಗೆ ಎರಡು ಮನೆಯಾಗುತ್ತದೆ.

ಬಾಗಿಲಿಗೆ ಬಂದು ಬಾಯಲ್ಲೇ ಹೇಳಿ ಹೋಗುವವರಿಗೂ ಇದೇ ದಾರಿ. ಅವರೆದುರಿಗೇ ಸಾಲು ಬರೆದು ದೃಢೀಕರಣ ಕಳಿಸುತ್ತೇವೆ, ಕಾರ್ಟು ಮಾತ್ರ ಇರುವುದಿಲ್ಲ. ಫೋನಿನ ಗೊಡವೆಯೇ ಬೇಡ ಎನ್ನುವ ಹಿರಿಯರೊಬ್ಬರಿದ್ದಾರೆ, ಅವರಿಗೆ ನಂಬರು ಬರೆದ ಚೀಟಿ.

ಇದು ಎಲ್ಲಿಯವರೆಗೆ ಸಾಗುತ್ತದೆ ಎನ್ನುವುದು ಟೈಪು ಮಾಡುವ ಒಬ್ಬರ ಕೈಯ ಮೇಲಿದೆ. ಕಾರ್ಟಿನಿಂದ ಪಟ್ಟಿಗೆ ತಾನಾಗಿ ಸಾಲು ಬೀಳುವಂತೆ ಮಾಡಲು ಈ ಆ್ಯಪಿನಲ್ಲಿ ದಾರಿಯಿಲ್ಲ, ಅದಕ್ಕೆ ವಾಟ್ಸಾಪಿನ ಬಿಸಿನೆಸ್ ಪ್ಲಾಟ್‌ಫಾರ್ಮ್ ಎಂಬ ಬೇರೆಯೇ ವ್ಯವಸ್ಥೆ ಬೇಕು, ಅಲ್ಲಿಗೆ ಖರ್ಚೂ ಬೇರೆ, ಸಾಫ್ಟ್‌ವೇರ್ ಕೆಲಸವೂ ಬೇರೆ. ಒಬ್ಬಳೇ ಹೊಲಿಯುವ ಮನೆಯಲ್ಲಿ ಟೈಪಿಂಗಿಗಿಂತ ಮೊದಲು ಹೊಲಿಗೆ ಯಂತ್ರವೇ ಸಾಕು ಎನ್ನುತ್ತದೆ, ಹಾಗಾಗಿ ನಾವು ಅತ್ತ ಹೋಗಿಲ್ಲ.

ಉಳಿದಿರುವ ಕಿರಿಕಿರಿ ವಾಯ್ಸ್ ನೋಟುಗಳದ್ದು. ಬಣ್ಣದ ಉತ್ತರವನ್ನು ಮಾತಿನಲ್ಲಿ ಕಳಿಸಿದರೆ ಹುಡುಕಾಟದಲ್ಲಿ ಅದು ಸಿಗುವುದಿಲ್ಲ, ಬರೆದುಕೊಳ್ಳುವಾಗ ಎರಡು ಸಲ ಕೇಳಬೇಕು. ಸದ್ಯಕ್ಕೆ ಕೇಳಿ ಸಾಲು ಬರೆದು ದೃಢೀಕರಣವನ್ನು ಆ ವಾಯ್ಸ್ ನೋಟಿಗೇ ರಿಪ್ಲೈಯಾಗಿ ಕಳಿಸುತ್ತಿದ್ದೇವೆ. ಮುಂದೆ `/banna`ದ ಮೆಸೇಜಿನಲ್ಲಿ “CH-M: B_ , PU-S: B_” ಎಂದು ಖಾಲಿ ಜಾಗ ಬಿಟ್ಟು ಕಳಿಸಿ ನೋಡಬೇಕೆಂದಿದೆ, ನಕಲು ಮಾಡಿ ತುಂಬಿ ಕಳಿಸುವುದು ಮಾತನಾಡುವುದಕ್ಕಿಂತ ಸುಲಭವಾದೀತು.